ಸಾಗರದ ಶಾಖೆಯಲ್ಲಿ ದೋಸೆಯ ರುಚಿ ಬದಲಾಗಿದೆ: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ: ಶಿವಮೊಗ್ಗದ ನಮ್ಮ ತಿಂಡಿ ಹೋಟೆಲಿನ ಹೆಸರಿನಲ್ಲೇ ಸಾಗರದಲ್ಲಿ ಶಾಖೆ ತೆರೆದಿದ್ದೇವೆ. ಮಳೆ ಹಿಡಿದ ಮೇಲೆ ಅಲ್ಲಿನ ದೋಸೆ ಇಲ್ಲಿನಂತಿಲ್ಲವೆಂದು ದೂರು ಬರುತ್ತಿದೆ. ತೀರ್ಥಹಳ್ಳಿಯವರೊಬ್ಬರು ಫ್ರಾಂಚೈಸಿ ಕೇಳುತ್ತಿದ್ದಾರೆ. ಏನು ಮಾಡಬೇಕು?

ಭದ್ರಾವತಿಯ ಕೇಟರಿಂಗ್‌ನವರು: ಎಲ್ಲವನ್ನೂ ಶಿವಮೊಗ್ಗದಲ್ಲೇ ತಯಾರಿಸಿ ವ್ಯಾನಿನಲ್ಲಿ ಕಳುಹಿಸಿ. ಕೈ ಒಂದೇ ಆದರೆ ರುಚಿಯೂ ಒಂದೇ. ನಮ್ಮ ಸಾಂಬಾರು ಪುಡಿ ಹೀಗೆಯೇ ಹೋಗುತ್ತದೆ, ಒಂದು ದಿನವೂ ದೂರು ಬಂದಿಲ್ಲ.

ಹೊಸನಗರದ ಗೃಹಿಣಿ: ನಮ್ಮ ಮನೆಯಲ್ಲೂ ಆಷಾಢದಲ್ಲಿ ಹಿಟ್ಟು ಉಬ್ಬುವುದಿಲ್ಲ. ಪಾತ್ರೆಯನ್ನು ಬಚ್ಚಲ ಒಲೆಯ ಪಕ್ಕದಲ್ಲಿಡಿ, ಬೆಳಗಾಗುವಷ್ಟರಲ್ಲಿ ಸರಿಯಾಗುತ್ತದೆ.

ಮೂರು ಶಾಖೆ ನಡೆಸುತ್ತಿರುವ ಹೋಟೆಲಿನವರು: ಪುಡಿಯ ವಿಚಾರದಲ್ಲಿ ಭದ್ರಾವತಿಯವರ ಮಾತು ಸರಿ, ಆದರೆ ಹಿಟ್ಟಿಗೆ ಅದು ಹೊಂದುವುದಿಲ್ಲ. ಉಬ್ಬಿದ ಹಿಟ್ಟು ದಾರಿಯ ಕುಲುಕಾಟಕ್ಕೆ ಗಾಳಿ ಕಳೆದುಕೊಂಡು ಕುಸಿಯುತ್ತದೆ, ಉಬ್ಬದ ಹಿಟ್ಟು ತಲುಪುವ ಹೊತ್ತಿಗೆ ಯಾವ ಹಂತದಲ್ಲಿರುತ್ತದೆಂದು ಹೇಳಲಾಗುವುದಿಲ್ಲ. ಒಂದು ಮಳೆಗಾಲವಿಡೀ ಈ ತಪ್ಪು ಮಾಡಿ ನಾನು ಡ್ರಮ್ಮುಗಟ್ಟಲೆ ಹಿಟ್ಟು ಚೆಲ್ಲಿದ್ದೇನೆ.

ಈಗ ಒಂದೇ ಗಿರಣಿಯ 8 ಕಿಲೋ ಅಕ್ಕಿ, 2 ಕಿಲೋ ಉದ್ದು, 100 ಗ್ರಾಂ ಮೆಂತ್ಯವನ್ನು ತೂಗಿ ಚೀಲ ಕಟ್ಟಿ ಕಳುಹಿಸುತ್ತೇವೆ. ರುಬ್ಬುವುದು ಆಯಾ ಶಾಖೆಯಲ್ಲೇ. ರುಬ್ಬಿದ ಹಿಟ್ಟಿನಲ್ಲಿ ಸ್ವಲ್ಪವನ್ನು ನೇರ ಗೋಡೆಯ ಗಾಜಿನ ಡಬ್ಬಿಗೆ ಹಾಕಿ, ಅದರ ಮಟ್ಟಕ್ಕೊಂದು ಟೇಪು, ಅದರ ಒಂದೂವರೆ ಪಟ್ಟು ಎತ್ತರಕ್ಕೆ ಇನ್ನೊಂದು ಟೇಪು ಅಂಟಿಸಿ, ಡ್ರಮ್ಮಿನ ಪಕ್ಕದಲ್ಲೇ ಇಡುತ್ತೇವೆ. ಹಿಟ್ಟು ಮೇಲಿನ ಟೇಪು ಮುಟ್ಟಿದಾಗ ಡ್ರಮ್ಮು ಫ್ರಿಜ್ಜಿಗೆ ಹೋಗಬೇಕು. ಬೇಸಿಗೆಯಲ್ಲಿ ಎಂಟು ಗಂಟೆ ಸಾಕಾದರೆ ಜುಲೈನಲ್ಲಿ ಹದಿನಾಲ್ಕೂ ಆಗಬಹುದು, ಆದ್ದರಿಂದ ನಮ್ಮ ನಿಯಮದ ಪುಸ್ತಕದಲ್ಲಿ ಗಂಟೆಯ ಲೆಕ್ಕವನ್ನೇ ಬರೆದಿಲ್ಲ. ಒಲೆಯ ಪಕ್ಕದ ಉಪಾಯ ಮನೆಗೆ ಒಳ್ಳೆಯದು, ಆದರೆ ದೊಡ್ಡ ಡ್ರಮ್ಮಿನ ಒಂದು ಬದಿ ಮಾತ್ರ ಹುಳಿಯಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ರುಬ್ಬಿದರೆ ನಿಭಾಯಿಸಬಹುದು.

ಹೊಸ ಭಟ್ಟರನ್ನು ಹತ್ತು ದಿನ ಮೂಲ ಹೋಟೆಲಿನಲ್ಲಿ ನಿಲ್ಲಿಸಿಕೊಳ್ಳುತ್ತೇವೆ. ಮೂವತ್ತು ವರ್ಷ ಕೈಯಳತೆಯಲ್ಲೇ ಮಾಡಿದ ಒಬ್ಬರು ತಕ್ಕಡಿ ಕಂಡರೆ ಮುಖ ತಿರುಗಿಸುತ್ತಿದ್ದರು. ತಮ್ಮದೇ ಕೈಯ ಎರಡು ದಿನದ ಚಟ್ನಿಯ ಉಪ್ಪನ್ನು ತೂಗಿ ನೋಡಿದ ಮೇಲೆ ಸುಮ್ಮನಾದರು.

ಶಿವಮೊಗ್ಗದ ವಕೀಲರು: ಫ್ರಾಂಚೈಸಿಗೆ ಒಪ್ಪುವ ಮುನ್ನ ಹೆಸರಿನ ಟ್ರೇಡ್‌ಮಾರ್ಕ್‌ಗೆ ಊಟ-ತಿಂಡಿ ಸೇವೆಯ ವರ್ಗವಾದ 43ನೆಯ ವರ್ಗದಲ್ಲಿ ಅರ್ಜಿ ಹಾಕಿರಿ. ಫ್ರಾಂಚೈಸಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ, ಒಪ್ಪಂದದ ಬರಹವೇ ಆಧಾರ. ಮುಂದೆ ಅವರು ಅದೇ ತಿಂಡಿ ಮಾರಬಾರದೆಂಬ ಷರತ್ತು ಒಪ್ಪಂದ ಮುಗಿದ ಮೇಲೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ, ಆದರೆ ಬೋರ್ಡು ಇಳಿಸಬೇಕೆಂಬ ಷರತ್ತು ನಿಲ್ಲುತ್ತದೆ. ಆಹಾರ ಸುರಕ್ಷತಾ ಪರವಾನಗಿಯನ್ನು ಪ್ರತಿ ಅಂಗಡಿಗೂ ಬೇರೆಯಾಗಿಯೇ ಪಡೆಯಬೇಕು.

ಪ್ರಶ್ನೆ ಕೇಳಿದವರು: ಡಬ್ಬಿಯನ್ನು ನಾಳೆಯೇ ಇಡುತ್ತೇನೆ. ತೀರ್ಥಹಳ್ಳಿಯವರು ಅಕ್ಕಿಯನ್ನು ಸ್ಥಳೀಯವಾಗಿಯೇ ಕೊಳ್ಳುವೆನೆಂದು ಹಟ ಹಿಡಿದಿದ್ದಾರೆ.

ಹೋಟೆಲಿನವರು: ಅಲ್ಲಿ ನಾನೂ ಸೋತಿದ್ದೇನೆ. ಚೀಲಕ್ಕೆ ಸಾಗಾಣಿಕೆ ಖರ್ಚು ಯಾರದೆಂಬುದರಲ್ಲೇ ನಮ್ಮ ಮಾತು ಮುರಿಯಿತು.