ಫೋಟೋದಲ್ಲಿರೋ ಮೊದಲು-ನಂತರ ಅಳತೆಗೆ ಪೇರ್ಡ್ ಟಿ-ಟೆಸ್ಟ್: ಕೈಲೆಕ್ಕಕ್ಕೂ ಶೀಟ್‌ಗೂ ತಾಳೆ ಆಗ್ತಿಲ್ಲ

ನಡಿಗೆಗುಂಪು

ಎಲ್ರಿಗೂ ನಮಸ್ಕಾರ. ನಮ್ಮ ಗುಂಪಲ್ಲಿ 10 ಜನ 6 ವಾರ ದಿನಾ ಚುರುಕಾಗಿ ನಡೆದ್ರು, ಶುರು ಮಾಡೋ ಮೊದ್ಲು ಒಂದ್ಸಲ, ಮುಗಿದ ಮೇಲೆ ಒಂದ್ಸಲ ಕೂತು ವಿಶ್ರಾಂತಿ ತಗೊಂಡು ನಾಡಿಬಡಿತ ಎಣಿಸಿದೀವಿ. ಬರ್ಕೊಂಡಿದ್ದು ಇನ್ನೊಬ್ರು, ಅವ್ರು ಹಾಳೆ ಫೋಟೋ ತೆಗೆದು ಕಳ್ಸಿದ್ರು, ಅದನ್ನ ನೋಡಿ ಟೈಪ್ ಮಾಡಿದೀನಿ. ಕ್ರಮಸಂಖ್ಯೆ, ಮೊದಲು, ನಂತರ, ಈ ಥರ ಇದೆ:

```
1   78  72
2   82  79
3   74  75
4   88  81
5   77  70
6   80  74
7   76  77
8   85  78
9   79  74
10  83  80
```

ಸ್ಪ್ರೆಡ್‌ಶೀಟಲ್ಲಿ ಪೇರ್ಡ್ ಟೆಸ್ಟ್ ಹಾಕಿದ್ರೆ ಪಿ 0.0021 ಬರುತ್ತೆ. ಅದೇ ಕೈಯಲ್ಲಿ ಲೆಕ್ಕ ಮಾಡಿದ್ರೆ ಟಿ 6.03 ಬಂತು, ಅದಕ್ಕೆ ಪಿ ನೋಡಿದ್ರೆ ಸುಮಾರು 0.0002. ಹತ್ತು ಪಟ್ಟು ವ್ಯತ್ಯಾಸ! ಎರಡರಲ್ಲಿ ಯಾವ್ದು ಸರಿ, ಎಲ್ಲಿ ತಪ್ತಿದೆ ಅಂತ ಯಾರಾದ್ರೂ ನೋಡಿ ಹೇಳ್ತೀರಾ? ಫೋಟೋನೂ ಹಾಕಿದೀನಿ, ಸ್ವಲ್ಪ ಓರೆ ಇದೆ, ಕೆಳಗಡೆ ಕಟ್ ಆಗಿದೆ.

ಶೀಟ್‌ಮಾಸ್ಟರ್

ಇದು ಎಲ್ರಿಗೂ ಆಗೋದೇ, ಫಾರ್ಮುಲಾದ ಕೊನೇ ನಂಬರ್ ನೋಡಿ. ಅಲ್ಲಿ 1 ಹಾಕಿದ್ರೆ ಮಾತ್ರ ಪೇರ್ಡ್, 2 ಅಥವಾ 3 ಹಾಕಿದ್ರೆ ಎರಡೂ ಕಾಲಂ ಬೇರೆ ಬೇರೆ ಜನರದು ಅಂತ ತಗೊಂಡು ಲೆಕ್ಕ ಮಾಡುತ್ತೆ. ನೀವು ಗ್ಯಾರಂಟಿ 2 ಹಾಕಿದೀರ. ಹೀಗಿರ್ಬೇಕು:

```
=T.TEST(B2:B11,C2:C11,2,1)
```

ನಡಿಗೆಗುಂಪು

ಸರ್ ಇದೇ ಇದೆ, ಕೊನೇದು 1. ನೀವು ಹೇಳಿದ್ರಿ ಅಂತ 2 ಹಾಕಿ ನೋಡಿದೆ, ಆಗ 0.03 ಹತ್ರ ಬರುತ್ತೆ. ಅದೂ ತಾಳೆ ಆಗಲ್ಲ.

ಎಲೆಅಳತೆ

ಫೋಟೋದಿಂದ ಅಳತೆ ಮಾಡೋದಾದ್ರೆ ಮೊದ್ಲು ಎರಡೂ ಫೋಟೋದಲ್ಲಿ ಒಂದು ಸ್ಕೇಲ್ ಇಟ್ಟಿದ್ರಾ? ನಾನು ಗಿಡದ ಎಲೆ ಅಳೆಯೋವಾಗ ಸ್ಕೇಲ್ ಇಲ್ದೆ ತೆಗೆದಿದ್ದೆಲ್ಲ ವೇಸ್ಟ್ ಆಯ್ತು, ಕ್ಯಾಮೆರಾ ಹತ್ರ ದೂರ ಆದ್ರೆ ಪಿಕ್ಸೆಲ್ ಲೆಕ್ಕನೇ ಬದಲಾಗುತ್ತೆ.

ನಡಿಗೆಗುಂಪು

ಇಲ್ಲ ಇಲ್ಲ, ಫೋಟೋ ಇರೋದು ಬರೆದಿಟ್ಟ ಹಾಳೇದು. ಅಳತೆ ಎಲ್ಲ ಆಗ್ಲೇ ಮುಗ್ದಿದೆ.

ಹಳೇಲೆಕ್ಕಿಗ

ಕೈಲೆಕ್ಕದಲ್ಲಿ ಬರೆದ ವ್ಯತ್ಯಾಸದ ಕಾಲಂನ ಹಾಗೇ ಇಲ್ಲಿ ಹಾಕಿ. ಟಿ ಬೇಡ, ಪಿ ಬೇಡ, ಹತ್ತು ಸಂಖ್ಯೆ ಸಾಕು. ಪೇರ್ಡ್ ಟೆಸ್ಟ್‌ನಲ್ಲಿ ಆ ಕಾಲಂ ಒಂದು ಬಂದ್ಮೇಲೆ ಮೂಲ ಎರಡು ಕಾಲಂಗೆ ಕೆಲಸನೇ ಇಲ್ಲ, ಹಾಗಾಗಿ ತಪ್ಪಿದ್ರೆ ಅಲ್ಲೇ ಇರ್ಬೇಕು.

ನಡಿಗೆಗುಂಪು

6, 3, 1, 7, 7, 6, 1, 7, 5, 3. ಒಟ್ಟು 46, ಸರಾಸರಿ 4.6, ಎಸ್‌ಡಿ 2.41.

ಹಳೇಲೆಕ್ಕಿಗ

ಸಿಕ್ತು ನೋಡಿ. ನೀವು ಟೈಪ್ ಮಾಡಿದ ಮೊದಲು ಕಾಲಂ ಕೂಡಿಸಿದ್ರೆ 802, ನಂತರದ್ದು 760. ಕಳೆದ್ರೆ 42. ವ್ಯತ್ಯಾಸದ ಕಾಲಂ ಮೊತ್ತ ಅದೇ 42 ಬರ್ಲೇಬೇಕು, ಬೇರೆ ದಾರೀನೇ ಇಲ್ಲ, ನಿಮ್ದು 46. ನಾಲ್ಕು ಜಾಸ್ತಿ.

3ನೇ ಸಾಲು ನೋಡಿ, 74ರಿಂದ 75 ಕಳೆದ್ರೆ ಮೈನಸ್ 1. 7ನೇ ಸಾಲು 76ರಿಂದ 77, ಅದೂ ಮೈನಸ್ 1. ಎರಡ್ರಲ್ಲೂ ದೊಡ್ಡದ್ರಿಂದ ಚಿಕ್ಕದನ್ನ ಕಳೆದಿದೀರ, ಬಾಯಲ್ಲಿ ವ್ಯತ್ಯಾಸ ಒಂದು ಅಂದ್ಕೊಂಡು ಬರೆದ್ರೆ ಹೀಗೇ ಆಗೋದು. ಮೈನಸ್ 1 ಹೋಗಿ ಪ್ಲಸ್ 1 ಆದ್ರೆ ಮೊತ್ತ 2 ಏರುತ್ತೆ, ಎರಡು ಸಾಲಿಗೆ 4. ಚಿಹ್ನೆ ಬಿಟ್ಟೋದಾಗ ಮೊತ್ತ ಯಾವಾಗ್ಲೂ ಬಿಟ್ಟ ಸಂಖ್ಯೆಯ ಎರಡರಷ್ಟು ಹೆಚ್ಚೋದ್ರಿಂದ, ಎಷ್ಟು ತಪ್ಪಿದೆ ಅನ್ನೋದರ ಅರ್ಧ ಮಾಡಿದ್ರೆ ಯಾವ ಸಾಲು ಹುಡುಕ್ಬೇಕು ಅನ್ನೋ ಸುಳಿವು ಸಿಗುತ್ತೆ.

ಇದ್ರಲ್ಲಿ ಇನ್ನೊಂದು ಮೋಸ ಇದೆ, ವರ್ಗ ಮಾಡಿ ಕೂಡಿಸಿದಾಗ ಚಿಹ್ನೆ ತಪ್ಪಿದ್ದು ಗೊತ್ತೇ ಆಗಲ್ಲ. ನಿಮ್ಮ ಕಾಲಂಗೂ ಸರಿ ಕಾಲಂಗೂ ವರ್ಗಗಳ ಮೊತ್ತ 264ನೇ. ಆದ್ರೆ ಅದ್ರಿಂದ ಕಳೆಯೋದು ಬೇರೆ ಆಗುತ್ತೆ:

```
264 - 46*46/10 = 52.4   ->  s = sqrt(52.4/9) = 2.41
264 - 42*42/10 = 87.6   ->  s = sqrt(87.6/9) = 3.12
```

ಅಂದ್ರೆ ಸರಾಸರಿ 4.2 ಇರ್ಬೇಕಾದದ್ದು 4.6ಕ್ಕೆ ಏರ್ತು, ಎಸ್‌ಡಿ 3.12 ಇರ್ಬೇಕಾದದ್ದು 2.41ಕ್ಕೆ ಇಳೀತು, ಮೇಲಿಂದೂ ಕೆಳಗಿಂದೂ ಟಿ ಉಬ್ಬಿತು. ಸರಿ ಮಾಡಿದ್ರೆ 4.2ನ 3.12/√10 ಅಂದ್ರೆ 0.987ರಿಂದ ಭಾಗಿಸಿ, 4.26. 9 ಡಿಗ್ರಿ ಆಫ್ ಫ್ರೀಡಂಗೆ ಇದರ ಪಿ ನಿಮ್ಮ ಶೀಟ್ ಕೊಟ್ಟ 0.0021ನೇ.

ನಡಿಗೆಗುಂಪು

ಹೌದು ಸರ್ ಈಗ 4.26 ಬಂತು, ಪಿನೂ ಕೂತ್ಕೊಂಡ್ತು. ತುಂಬಾ ಥ್ಯಾಂಕ್ಸ್! ಹಾಗಾದ್ರೆ ಇದನ್ನೇ ಬರೀಲಾ?

ಹಳೇಲೆಕ್ಕಿಗ

ಈಗ್ಲೇ ಬೇಡ. ಶೀಟೂ ಕೈಲೆಕ್ಕನೂ ತಾಳೆ ಆಯ್ತು ಅಂದ್ರೆ ನೀವು ಟೈಪ್ ಮಾಡಿದ್ದಕ್ಕೆ ಲೆಕ್ಕ ಸರಿ ಇದೆ ಅಂತ ಅಷ್ಟೆ, ಟೈಪ್ ಮಾಡಿದ್ದು ಹಾಳೇಲಿರೋದೇನಾ ಅನ್ನೋದು ಬೇರೆ ವಿಷಯ.

ಫೋಟೋ ದೊಡ್ಡದು ಮಾಡಿ 5ನೇ ಸಾಲು ನೋಡಿ. ನೀವು 77 ಅಂತ ಓದಿದೀರ. ಆದ್ರೆ ಮೊದಲ ಅಂಕಿ ಮೇಲಿನ ಗೆರೆ ಅಗಲವಾಗಿ ನೇರವಾಗಿದೆ, ಎರಡನೇದರ ತಲೆ ಗಿಡ್ಡ, ಕೆಳಗಡೆ ಓರೆಯಾಗಿ ಇಳಿದಿದೆ. ಒಂದೇ ಕೈ ಒಂದೇ ಉಸಿರಲ್ಲಿ ಎರಡು ಏಳು ಬರೆದ್ರೆ ಇಷ್ಟು ಬೇರೆ ಇರಲ್ಲ. 4ನೇ ಸಾಲಿನ 81ರಲ್ಲಿರೋ ಒಂದನ್ನ ಪಕ್ಕದಲ್ಲಿಟ್ಟು ನೋಡಿ, ಅದಕ್ಕೂ ಅದೇ ಗಿಡ್ಡ ತಲೆ ಇದೆ. ನನ್ನ ಪ್ರಕಾರ ಅದು 71. ಇಂಥಾ ಕಡೆ ಅರ್ಥ ನೋಡಿ ಊಹೆ ಮಾಡ್ಬಾರ್ದು, ಅದೇ ಹಾಳೆಯ ಅಕ್ಷರದ ಜೊತೆ ಹೋಲಿಸ್ಬೇಕು. ಬರೆದವರು ಕೆಳಗೆ ಮೊತ್ತ ಹಾಕಿರ್ತಾರೆ ಸಾಮಾನ್ಯವಾಗಿ, ಪೂರ್ತಿ ಹಾಳೆ ಬರೋ ಹಾಗೆ ಇನ್ನೊಂದು ಫೋಟೋ ಕೇಳಿ, ಮೇಲಿಂದ ನೇರವಾಗಿ ತೆಗೀಲಿ.

ಶೀಟ್‌ಮಾಸ್ಟರ್

ಮೊತ್ತದ ಚೆಕ್ ಮಾಡಿ ಆಯ್ತಲ್ಲ, 42ಕ್ಕೆ 42 ಬಂತು. ಮತ್ತೆ ಯಾಕೆ?

ಹಳೇಲೆಕ್ಕಿಗ

ಆ ಚೆಕ್ ಚಿಹ್ನೆ ಮತ್ತೆ ಕಳೆಯೋ ತಪ್ಪು ಮಾತ್ರ ಹಿಡಿಯುತ್ತೆ. 71ನ 77 ಅಂತ ಟೈಪ್ ಮಾಡಿದ್ರೆ ಕಾಲಂ ಮೊತ್ತನೂ 6 ಏರುತ್ತೆ, ವ್ಯತ್ಯಾಸದ ಮೊತ್ತನೂ 6 ಏರುತ್ತೆ, ಎರಡೂ ಜೊತೆಗೇ ಹೋಗೋದ್ರಿಂದ ತಾಳೆ ಆಗೇ ಆಗುತ್ತೆ. ಓದೋ ತಪ್ಪು ಹಿಡಿಯೋಕೆ ಹಾಳೇಲಿ ಬರೆದ ಮೊತ್ತ ಬೇಕು.

ರಾಗಿಮುದ್ರೆ

ಇದನ್ನ ಓದಿ ನಂದೊಂದು ನೆನಪಾಯ್ತು, ಸ್ವಲ್ಪ ಬೇರೆ ಕೇಸ್. ನಮ್ಮಲ್ಲಿ ಟೈಪಿಂಗ್ ಸ್ಪೀಡ್ ಅಳೆದಿದ್ವಿ ಕೀಬೋರ್ಡ್ ಬದಲಿಸೋ ಮೊದ್ಲು ಆಮೇಲೆ, ಎರಡೂ ಬೇರೆ ಬೇರೆ ಪುಟದಲ್ಲಿತ್ತು, ಎರಡನೇ ಪುಟದಲ್ಲಿ ಹೆಸರು ಬಂದ ಬಂದ ಹಾಗೆ ಬರೆದಿದ್ರು, ನಾನು ಎರಡು ಫೋಟೋನೂ ಪಕ್ಕ ಪಕ್ಕ ಇಟ್ಕೊಂಡು ಮೇಲಿಂದ ಕೆಳಗೆ ಸುಮ್ನೆ ಟೈಪ್ ಮಾಡ್ತಾ ಹೋದೆ. ಮೊತ್ತ ಎಲ್ಲ ಸರಿ. ಹಾಳೇ ಮೊತ್ತಕ್ಕೂ ಸರಿ. ಆದ್ರೂ ಟಿ ಮಾತ್ರ ಏನೂ ಇಲ್ಲ ಅನ್ನೋ ಹಾಗೆ ಬರ್ತಿತ್ತು. ಅದೂ ಈ ಮೊತ್ತದ ಚೆಕ್‌ಗೆ ಸಿಗಲ್ಲ ಅಲ್ವಾ?

ಹಳೇಲೆಕ್ಕಿಗ

ಸಿಗಲ್ಲ ಮೇಡಂ. ಒಬ್ಬರ ಮೊದಲು ಇನ್ನೊಬ್ಬರ ನಂತರದ ಜೊತೆ ಕೂತ್ರೂ ವ್ಯತ್ಯಾಸಗಳ ಸರಾಸರಿ ಒಂಚೂರೂ ಅಲುಗಾಡಲ್ಲ, ಎಸ್‌ಡಿ ಮಾತ್ರ ಬದಲಾಗುತ್ತೆ, ಸಾಮಾನ್ಯವಾಗಿ ಹಿಗ್ಗುತ್ತೆ. ಅದಕ್ಕೆ ಕ್ರಮಸಂಖ್ಯೆ ಅಥವಾ ಹೆಸರಿನ ಕಾಲಂನ ಎರಡು ಸಲ ಟೈಪ್ ಮಾಡಿ, ಮೊದಲು ಪಕ್ಕ ಒಂದು, ನಂತರದ ಪಕ್ಕ ಒಂದು, ಎರಡೂ ಒಂದೇನಾ ಅಂತ ನೋಡಿ ಆಮೇಲೆ ಕಳೀರಿ. ನಡಿಗೆಯವರ ಹಾಳೇಲಿ ಎರಡೂ ಅಳತೆ ಒಂದೇ ಸಾಲಲ್ಲಿರೋದ್ರಿಂದ ಆ ಚಿಂತೆ ಇಲ್ಲ.

ನಡಿಗೆಗುಂಪು

ಹೊಸ ಫೋಟೋ ಬಂತು. ಮೊದಲು ಕಾಲಂ ಕೆಳಗೆ 796 ಅಂತ ಬರೆದಿದೆ! ನಂದು 802 ಇತ್ತು, ಸರಿಯಾಗಿ 6 ಕಮ್ಮಿ, ಅಂದ್ರೆ 71ನೇ. ನಂತರದ ಕಾಲಂ ಕೆಳಗಡೆ ಮೂಲೆ ಹರಿದೋಗಿದೆ, 7 ಒಂದು ಕಾಣುತ್ತೆ ಅಷ್ಟೆ.

5ನೇ ಸಾಲಿಗೆ 71 ಹಾಕಿ ಮತ್ತೆ ಮಾಡಿದೆ. ವ್ಯತ್ಯಾಸ 6, 3, -1, 7, 1, 6, -1, 7, 5, 3. ಮೊತ್ತ 36, 796-760ನೂ 36. ವರ್ಗಗಳ ಮೊತ್ತ 216, ಎಸ್‌ಡಿ 3.10, ಟಿ 3.67. ಶೀಟಲ್ಲಿ ಪಿ 0.005.

ಹಳೇಲೆಕ್ಕಿಗ

ಲೆಕ್ಕ ಸರಿ ಇದೆ. ಕೈಯಲ್ಲಿ ಮಾಡೋದು ಬಿಟ್ಟು ಇದನ್ನ ಶೀಟಲ್ಲೇ ಪಕ್ಕದಲ್ಲಿ ಇಟ್ಕೊಳ್ಳಿ, ಎರಡನೇದು ಸೊನ್ನೆ ಬರ್ಬೇಕು:

```
=B2-C2
=SUM(D2:D11)-(SUM(B2:B11)-SUM(C2:C11))
```

ಮೊದಲನೇದನ್ನ ಮೇಲಿಂದ ಕೆಳಗೆ ಎಳೆದು ಬಿಡಿ, ಯಾವ ಸಾಲಿಗೂ ತಿರುವು ಮುರುವು ಮಾಡ್ಬೇಡಿ. `T.TEST` ಪಿ ಒಂದನ್ನೇ ಕೊಡುತ್ತೆ, ಎರಡು ಕಾಲಂ ಅದಲು ಬದಲು ಕೊಟ್ರೂ ಅದೇ ಪಿ, ಹಾಗಾಗಿ ನಾಡಿ ಇಳೀತಾ ಏರ್ತಾ ಅಂತ ತಿಳಿಯೋಕೆ D ಕಾಲಂನ ಸರಾಸರಿನೇ ನೋಡ್ಬೇಕು.

ಇನ್ನೊಂದು ಉಳ್ಕೊಂಡಿದೆ. 7ನೇ ಸಾಲಿನ ನಂತರದ 77. ಬರೆದವರ 1 ಮತ್ತೆ 7 ಹತ್ರ ಹತ್ರ ಇರುತ್ತೆ ಅಂತ ಈಗ ಗೊತ್ತಾಯ್ತಲ್ಲ, ಅಲ್ಲೂ ಎರಡನೇ ಅಂಕಿ ಸರಿಯಾಗಿ ಹಾಳೆ ಮಡಿಚಿದ ಗೆರೆ ಮೇಲೆ ಬಿದ್ದಿದೆ. 71 ಆದ್ರೆ ಆ ಸಾಲಿನ ವ್ಯತ್ಯಾಸ -1 ಬದಲು 5.

ಶೀಟ್‌ಮಾಸ್ಟರ್

ಓದೋಕೆ ಆಗದ ಸಾಲನ್ನ ತೆಗೆದು ಹಾಕಿ ಬಿಡಿ, 9 ಜನ ಸಾಕು. ಮಾಡಿ ನೋಡಿದೆ, ಟಿ 4.40 ಬರುತ್ತೆ, ಚೆನ್ನಾಗೇ ಇದೆ.

ಹಳೇಲೆಕ್ಕಿಗ

ಚೆನ್ನಾಗಿ ಬರುತ್ತೆ ಅಂತಾನೇ ನಂಗೆ ಇಷ್ಟ ಇಲ್ಲ. ಫಲಿತಾಂಶಕ್ಕೆ ವಿರುದ್ಧ ಇರೋ ಸಾಲನ್ನೇ ಓದೋಕಾಗಲ್ಲ ಅಂತ ತೆಗೆದಂಗಾಗುತ್ತೆ. ಮಡಿಕೆ ಮೇಲೆ ಬಿದ್ದ ಬೇರೆ ಸಾಲು ನಮ್ಮ ಕಡೆಗೇ ಇದ್ದಿದ್ರೆ ತೆಗೀತಿದ್ವಾ?

ಶೀಟ್‌ಮಾಸ್ಟರ್

ಗೊತ್ತಿಲ್ದಿರೋ ಸಂಖ್ಯೇನ ಇಟ್ಕೊಂಡು ಲೆಕ್ಕ ಮಾಡೋದು ಅದಕ್ಕಿಂತ ತಪ್ಪು ಅಂತ ನನ್ನ ಅಭಿಪ್ರಾಯ. ಏನೇ ತೆಗೆದ್ರೂ ತೆಗೆದಿದೀವಿ ಅಂತ ಬರೆದ್ರೆ ಮುಗೀತು.

ನಡಿಗೆಗುಂಪು

71 ಹಾಕೂ ನೋಡಿದೆ, ಮೊತ್ತ 42, ಎಸ್‌ಡಿ 2.66, ಟಿ 5.00. ಅಂದ್ರೆ 3.67, 4.40, 5.00 ಮೂರೂ ಬರುತ್ತೆ ಯಾವ ದಾರಿ ಹಿಡೀತೀವಿ ಅನ್ನೋದರ ಮೇಲೆ. ಬರೆದವರನ್ನ ಕೇಳಿದೆ, ಅವ್ರಿಗೂ ನೆನಪಿಲ್ಲ, ಮೂಲ ಹಾಳೆ ಬೇರೆಯವರ ಹತ್ರ ಇದೆಯಂತೆ, ಬೆಳಕಿಗೆ ಹಿಡಿದು ನೋಡಿ ಹೇಳ್ತೀನಿ ಅಂದಿದಾರೆ.

ಹಳೇಲೆಕ್ಕಿಗ

ಹಾಗಾದ್ರೆ ಅದು ಬರೋವರೆಗೂ ಎರಡು ಓದುಗಳನ್ನೂ ಬರೀರಿ: 77 ಆದ್ರೆ ಸರಾಸರಿ ಇಳಿಕೆ 3.6, ಟಿ 3.67, 71 ಆದ್ರೆ 4.2, ಟಿ 5.00. 9 ಡಿಗ್ರಿಗೆ 5 ಪರ್ಸೆಂಟ್ ಗೆರೆ 2.262, ಎರಡೂ ದಾಟುತ್ತೆ, ಆದ್ರೆ ಎಷ್ಟು ಇಳೀತು ಅನ್ನೋ ಉತ್ತರ ಬದಲಾಗುತ್ತೆ. ನಡಿಗೆಯಿಂದಲೇ ಇಳೀತು ಅಂತ ಮಾತ್ರ ಬರೀಬೇಡಿ, ನಡೆಯದೇ ಇದ್ದ ಗುಂಪನ್ನ ನೀವು ಅಳೆದಿಲ್ಲ.

ರಾಗಿಮುದ್ರೆ

ಮೂಲ ಹಾಳೆ ಸಿಕ್ಕಿದ್ರೆ ಹಿಂದುಗಡೆಯಿಂದ್ಲೂ ನೋಡೋಕೆ ಹೇಳಿ, ಬಾಲ್‌ಪೆನ್ ಆದ್ರೆ ಒತ್ತಿ ಬರೆದ ಗುರುತು ಹಾಳೆ ಹಿಂದೆ ಉಬ್ಬಿರುತ್ತೆ, ಏಳಿನ ಮೇಲ್ಗೆರೆ ಅಲ್ಲಿ ಕೈಗೆ ಸಿಗುತ್ತೆ.