ಹೆಚ್ಚು ದರದ ಕೊಟೇಶನ್ ಒಪ್ಪಿದ್ದಕ್ಕೆ ಆಡಿಟ್ ಆಕ್ಷೇಪಣೆ, ಷರಾ ಹೇಗೆ ಬರೆಯೋದು?

ಕ್ಯಾತ್ಸಂದ್ರ_ಕ್ಲರ್ಕ್: ತಲೆ ಕೆಟ್ಟುಹೋಗಿದೆ. ಕಂಪ್ಯೂಟರ್ ಲ್ಯಾಬ್ ಯುಪಿಎಸ್‌ಗೆ 8 ಬ್ಯಾಟರಿ, ಮೂರು ಕೊಟೇಶನ್. ಅ 1,05,600, ಬ 1,40,000, ಕ 1,32,800. ನಾವು ತಗೊಂಡಿದ್ದು ಬ. ಷರಾ ಕಾಲಂನಲ್ಲಿ 'ಗುಣಮಟ್ಟ ಉತ್ತಮ' ಅಂತ ಬರೆದಿದ್ದೆವು. 34,400 ಯಾಕೆ ಹೆಚ್ಚು ಕೊಟ್ಟಿರಿ ಅಂತ ಆಡಿಟರ್ ಕೆಂಪು ಶಾಯಿಯಲ್ಲಿ ಗೀಚಿದ್ದಾರೆ. ಇನ್ನೇನು ಬರೀಬೇಕಿತ್ತು?

ಬಂಗಾರಪೇಟೆ_ಬಾಬು: ಎಲ್-1, ಅಂದ್ರೆ ಅತಿ ಕಡಿಮೆ ದರದವರನ್ನ ಬಿಟ್ಟರೆ ಮುಗೀತು. ಕೆಟಿಪಿಪಿ ಕಾಯ್ದೆ 1999 ಓದಿ.

ಅಂತರಸನಹಳ್ಳಿ_ಸ್ಟೋರ್ಸ್: ಬಾಬು ಅವರೇ, ಅದು ಸರ್ಕಾರಿ ಖರೀದಿಗೆ. ಕ್ಲರ್ಕ್ ಸರ್, ನಿಮ್ಮದು ಸರ್ಕಾರಿ ಶಾಲೆಯಾ, ಅನುದಾನಿತವಾ? ಮೂರೂ ದರದಲ್ಲಿ ಜಿಎಸ್‌ಟಿ ಸೇರಿದೆಯಾ? ಹಳೇ ಬ್ಯಾಟರಿ ಯಾರು ವಾಪಸ್ ತಗೋತಾರೆ?

ಬಂಗಾರಪೇಟೆ_ಬಾಬು: ಟ್ರಸ್ಟ್ ಆದರೂ ಸಾರ್ವಜನಿಕರ ದುಡ್ಡೇ ತಾನೆ. ಎಲ್-1 ಅಂದ್ರೆ ಎಲ್-1.

ಚಿಂತಾಮಣಿ_ಎಕ್ಸೆಲ್: ಬ್ಯಾಟರಿ ಬೇಗ ಇಳೀತಿದ್ರೆ ಮೊದಲು ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ.

ಕ್ಯಾತ್ಸಂದ್ರ_ಕ್ಲರ್ಕ್: ಬ್ಯಾಟರಿ ಚೆನ್ನಾಗೇ ಇದೆ ಸ್ವಾಮಿ, ಕೆಟ್ಟಿರೋದು ಕಡತ. ಅನುದಾನರಹಿತ ಖಾಸಗಿ ಶಾಲೆ, ಟ್ರಸ್ಟ್ ದುಡ್ಡು. ಅ: ಒಂದಕ್ಕೆ 13,200, ಜಿಎಸ್‌ಟಿ 18% ಬೇರೆ, ಸಾಗಣೆ-ಫಿಟ್ಟಿಂಗ್ 2,400 ಬೇರೆ, ಹಳೇದಕ್ಕೆ ತಲಾ 1,500 ವಾಪಸ್. ಬ: 17,500, ಎಲ್ಲಾ ಸೇರಿ, ಹಳೇದಕ್ಕೆ ತಲಾ 2,000. ಕ: 16,600, ಎಲ್ಲಾ ಸೇರಿ, ಹಳೇದು ತಗೊಳ್ಳಲ್ಲ.

ಗುಬ್ಬಿ_ಲೆಕ್ಕ: ಜಿಎಸ್‌ಟಿ ತೆಗೆದು ಬರೀ ಮೂಲ ದರ ಹೋಲಿಸಿ. ತೆರಿಗೆ ಹೇಗೂ ಇನ್‌ಪುಟ್ ಕ್ರೆಡಿಟ್‌ನಲ್ಲಿ ಬರುತ್ತೆ.

ಅಂತರಸನಹಳ್ಳಿ_ಸ್ಟೋರ್ಸ್: ಕಾರ್ಖಾನೆಗಾದ್ರೆ ನೀವು ಹೇಳಿದ್ದು ಸರಿ. ಶಾಲೆಯ ಫೀಸಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಕ್ರೆಡಿಟ್ಟೂ ಇಲ್ಲ. ಕಟ್ಟಿದ ತೆರಿಗೆ ಪೂರ್ತಿ ಖರ್ಚು. ತೆರಿಗೆ ಸೇರಿಸಿಯೇ ಹೋಲಿಸಬೇಕು.

ತಪ್ಪಾಗಿರೋದು ಅಲ್ಲೇ. ಕೊಟೇಶನ್‌ನಲ್ಲಿ ಕಂಡ ಅಂಕಿಯನ್ನ ಹಾಗೇ ಪಟ್ಟಿಗೆ ಇಳಿಸಿದ್ದೀರಿ. ಒಬ್ಬೊಬ್ಬ ಸರಬರಾಜುದಾರನಿಗೆ ಒಂದು ಕಾಲಂ ಮಾಡಿ. 2ನೇ ಸಾಲಲ್ಲಿ ಒಂದರ ದರ, 3ರಲ್ಲಿ ತೆರಿಗೆ 18% ಅಂತ (ಸೇರಿದ್ದರೆ 0), 4ರಲ್ಲಿ ಫಿಟ್ಟಿಂಗ್, 5ರಲ್ಲಿ ಹಳೇದರ ಒಟ್ಟು ಬೆಲೆ:

```
=(B2*8*(1+B3))+B4-B5
```

ಅ 1,15,008, ಬ 1,24,000, ಕ 1,32,800 ಬರುತ್ತೆ. ಮಧ್ಯದಲ್ಲಿದ್ದ ಕ ಈಗ ಎಲ್ಲರಿಗಿಂತ ದುಬಾರಿ. ನೀವು ಉತ್ತರ ಹೇಳಬೇಕಾದ್ದು 34,400ಕ್ಕಲ್ಲ, 8,992ಕ್ಕೆ. ಇನ್ನು ಕಾರಣ. ಬ್ಯಾಟರಿ ಸಿ10ಆ ಸಿ20ಆ? ವಾರಂಟಿ ಎಷ್ಟು?

ಚಿಂತಾಮಣಿ_ಎಕ್ಸೆಲ್: ನನ್ನ ಶೀಟಲ್ಲಿ 12 ಸರಬರಾಜುದಾರರು, ಎಲ್-1 ತಾನಾಗೇ ಹಸಿರಾಗುತ್ತೆ, ಮ್ಯಾಕ್ರೋ ಬರೆದು...

ಕ್ಯಾತ್ಸಂದ್ರ_ಕ್ಲರ್ಕ್: ಅ ಸಿ20, ಬ ಸಿ10. ಅ ವಾರಂಟಿ 24 ತಿಂಗಳು ಪೂರ್ತಿ ಬದಲಾವಣೆ, ಆಮೇಲೆ 12 ಪ್ರೊ-ರೇಟಾ. ಬ 36 ಪೂರ್ತಿ, 24 ಪ್ರೊ-ರೇಟಾ.

ಗುಬ್ಬಿ_ಲೆಕ್ಕ: ಹಾಗಾದ್ರೆ ಸಿ10 ಅಂತಲೇ ಬರೀರಿ. 150 ಎಎಚ್ ಅಂದ್ರೆ ಸಿ10ರಲ್ಲಿ 15 ಆಂಪಿಯರ್ 10 ಗಂಟೆ ಕೊಡುತ್ತೆ. ಸಿ20ರಲ್ಲಿ 7.5 ಆಂಪಿಯರ್ 20 ಗಂಟೆ ಅಷ್ಟೇ. 15 ಆಂಪಿಯರ್ ಎಳೆದ್ರೆ 10 ಗಂಟೆಗೆ ಮೊದಲೇ ಖಾಲಿ.

ಅಂತರಸನಹಳ್ಳಿ_ಸ್ಟೋರ್ಸ್: ತಾಂತ್ರಿಕವಾಗಿ ಒಪ್ಪಿದೆ. ಆದರೆ ದರ ಕೇಳಿ ಬರೆದ ಪತ್ರದಲ್ಲಿ ಸಿ10 ಅಂತ ಇತ್ತಾ?

ಕ್ಯಾತ್ಸಂದ್ರ_ಕ್ಲರ್ಕ್: '12 ವೋಲ್ಟ್ 150 ಎಎಚ್ ಟ್ಯೂಬುಲರ್, ವಾರಂಟಿ ವಿವರ ಕೊಡಿ' ಅಷ್ಟೇ.

ಅಂತರಸನಹಳ್ಳಿ_ಸ್ಟೋರ್ಸ್: ಹಾಗಾದ್ರೆ ಸಿ10 ಬಿಡಿ. ಕೇಳದೇ ಇದ್ದದ್ದನ್ನ ದರ ನೋಡಿದ ಮೇಲೆ ಕಾರಣ ಮಾಡಿದ್ರೆ, ಬ ಕಡೆಗೆ ವಾಲಿದ್ದೀರಿ ಅನ್ನೋ ಅನುಮಾನಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ವಾರಂಟಿ ಕೇಳಿದ್ದೀರಲ್ಲ, ಅದನ್ನ ಹಿಡೀರಿ. ಪೂರ್ತಿ ಬದಲಾವಣೆಯ ಒಂದು ತಿಂಗಳಿಗೆ ಅ 4,792, ಬ 3,444. ಷರಾ ಹೀಗಿರಲಿ: 'ತೆರಿಗೆ, ಫಿಟ್ಟಿಂಗ್, ಹಳೇ ಬ್ಯಾಟರಿ ಬೆಲೆ ಹೊಂದಿಸಿದ ಮೇಲೆ ಬ ದರ ರೂ. 8,992 ಹೆಚ್ಚು. ಪೂರ್ಣ ಬದಲಾವಣೆ ವಾರಂಟಿ 12 ತಿಂಗಳು ಹೆಚ್ಚಿರುವುದರಿಂದ ತಿಂಗಳವಾರು ವೆಚ್ಚ ಕಡಿಮೆ. ಆದ್ದರಿಂದ ಬ ದರ ಒಪ್ಪಲಾಗಿದೆ.' ಹಳೇ ದಿನಾಂಕ ಹಾಕಬೇಡಿ. ಇವತ್ತಿನ ದಿನಾಂಕದಲ್ಲಿ 'ಆಕ್ಷೇಪಣೆಗೆ ಸ್ಪಷ್ಟೀಕರಣ' ಅಂತ ಸೇರಿಸಿ, ಕಾರ್ಯದರ್ಶಿ ಸಹಿ ಮಾಡಿಸಿ.

ಗುಬ್ಬಿ_ಲೆಕ್ಕ: ಖರೀದಿ ಆದ ಮೇಲೆ ಬರೆದ ಕಾರಣಕ್ಕೆ ಏನು ಬೆಲೆ? ಆಡಿಟರ್ ಒಪ್ಪಲ್ಲ.

ಅಂತರಸನಹಳ್ಳಿ_ಸ್ಟೋರ್ಸ್: ಒಪ್ಪೋದು ಬಿಡೋದು ಅವರಿಗೆ ಬಿಟ್ಟದ್ದು. ಲೆಕ್ಕಕ್ಕೆ ಬೇಕಾದ ಅಂಕಿಗಳೆಲ್ಲ ಅವತ್ತಿನ ಕೊಟೇಶನ್‌ನಲ್ಲೇ ಇವೆ, ಹೊಸದೇನೂ ತರ್ತಿಲ್ಲ.

ಕ್ಯಾತ್ಸಂದ್ರ_ಕ್ಲರ್ಕ್: ಒಂದು ಹೇಳೋದು ಮರೆತೆ. ಅ ಕೊಟೇಶನ್‌ನಲ್ಲಿ ಬರೀ 'ವಾರಂಟಿ 36 ತಿಂಗಳು' ಅಂತಿದೆ. 24+12 ಅಂತ ಫೋನಲ್ಲಿ ಹೇಳಿದ್ದು.

ಅಂತರಸನಹಳ್ಳಿ_ಸ್ಟೋರ್ಸ್: ಇದನ್ನ ಮೊದಲೇ ಹೇಳೋದಲ್ವಾ ಸರ್! 36ನ್ನೂ ಪೂರ್ತಿ ಅಂತ ಓದಿದ್ರೆ ಅ ತಿಂಗಳಿಗೆ 3,195ಕ್ಕೆ ಇಳಿಯುತ್ತೆ, ಬ ದರಕ್ಕಿಂತ ಅಗ್ಗ. ಷರಾ ನಿಲ್ಲಲ್ಲ. ಆ ಮಾಡೆಲ್‌ನ ವಾರಂಟಿ ಕಾರ್ಡ್ ತರಿಸಿ, ಇಲ್ಲಾ ಅ ಕಡೆಯಿಂದ ಲಿಖಿತವಾಗಿ ತಗೊಳ್ಳಿ. ಅದು ಕೈಗೆ ಬರೋವರೆಗೂ ಏನೂ ಬರೀಬೇಡಿ.

ಬಂಗಾರಪೇಟೆ_ಬಾಬು: ಅದಕ್ಕೇ ಹೇಳಿದ್ದು, ಎಲ್-1.

ಕ್ಯಾತ್ಸಂದ್ರ_ಕ್ಲರ್ಕ್: ಅ ಅಂಗಡಿಗೆ ಮೇಲ್ ಹಾಕಿದ್ದೀನಿ. ಆರ್ಡರ್ ಸಿಗದವರು ಉತ್ತರ ಕೊಡ್ತಾರೋ ಇಲ್ವೋ, ನೋಡೋಣ.