ಸಹಾಯ ಬೇಕು: ಬೊಮ್ಮಾಯಿ ಪ್ರಕರಣದಲ್ಲಿ ಒಂದು ಗೊಂದಲ

ನಮಸ್ಕಾರ. ಶಿರಸಿಯಿಂದ ಬರೀತಿದ್ದೇನೆ, ಸೋಮವಾರ ಸಂವಿಧಾನ ಕಾನೂನಿನ ಪರೀಕ್ಷೆ. ರಾಜ್ಯಗಳಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯಲ್ಲಿ ಸಿಕ್ಕಿಬಿದ್ದಿದ್ದೇನೆ.

ನನಗೆ ತಿಳಿದಷ್ಟು ಹೇಳ್ತೇನೆ. 1989ರ ಏಪ್ರಿಲ್‌ನಲ್ಲಿ, ಕರ್ನಾಟಕದ ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರಕ್ಕೆ 19 ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳು ರಾಜ್ಯಪಾಲರ ಕೈಸೇರಿದವು. ಏಪ್ರಿಲ್ 20ಕ್ಕೆ ಆ ಶಾಸಕರಲ್ಲಿ ಏಳು ಜನ ಮಾತು ಬದಲಿಸಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿ ಕೇಳಿಕೊಂಡರೂ ರಾಜ್ಯಪಾಲರು ಒಪ್ಪಲಿಲ್ಲ, ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. (ತಲೆ ಎಣಿಸುವ ಜಾಗ ರಾಜಭವನ ಅಲ್ಲ ಅನ್ನೋದು ಆಗ ಯಾರಿಗೂ ಹೊಳೆಯಲಿಲ್ಲವೇ?)

1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಸದನದಲ್ಲೇ ಸಾಬೀತಾಗಬೇಕು ಎಂದಿತು. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದು, ವಿಸರ್ಜಿಸುವಂತಿಲ್ಲ. ಘೋಷಣೆ ಅಸಿಂಧುವಾದರೆ, ಸಂಸತ್ತು ಒಪ್ಪಿದ್ದರೂ, ಕೋರ್ಟು ಹಳೆಯ ಸರ್ಕಾರವನ್ನು ಮರಳಿ ತರಬಹುದು.

ಆದರೆ ಬೊಮ್ಮಾಯಿಯವರಿಗೆ ಸರ್ಕಾರ ಮರಳಲಿಲ್ಲ, ಅಷ್ಟರಲ್ಲಿ ಹೊಸ ಚುನಾವಣೆಯೇ ಮುಗಿದಿತ್ತು. ಹಾಗಾದರೆ ಈ ರಕ್ಷಣೆ ನಿಜಕ್ಕೂ ಕೆಲಸ ಮಾಡಬೇಕೆಂದರೆ, ವಿಚಾರಣೆ ಮುಗಿಯುವವರೆಗೆ ಚುನಾವಣೆ ತಡೆಯಲು ಮಧ್ಯಂತರ ಆದೇಶ ಕೇಳಬಹುದೇ? ತೀರ್ಪಿನ ಯಾವ ಭಾಗದಲ್ಲಿ ಇದಿದೆ, ಓದಿದವರು ಸ್ವಲ್ಪ ಹೇಳಿ ಮಾರಾಯ್ರೆ.